ವರ್ಷಕ್ಕೆ ಎಷ್ಟು ದಿನ ಕೊಡುತ್ತೀರಿ?

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ, ಷೇರುಪೇಟೆಯಲ್ಲಿ ನೋಂದಾಯಿತವಾದ ಮಧ್ಯಮ ಗಾತ್ರದ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು ಜನರಲ್ ಮ್ಯಾನೇಜರ್ ಆಗಿ ನಿವೃತ್ತರಾದ, 62 ವರ್ಷದ ಒಬ್ಬ ಮಹಿಳೆಯನ್ನು ಆ ಕಂಪನಿ ಸ್ವತಂತ್ರ ನಿರ್ದೇಶಕಿಯಾಗಿ ನೇಮಿಸಿಕೊಳ್ಳುತ್ತಿದೆ. ಅವರಿಗೂ ಪ್ರವರ್ತಕರ ಮನೆತನಕ್ಕೂ ನಂಟಿಲ್ಲ. ಅವರು ದುಡಿದ ಬ್ಯಾಂಕಿಗೂ ಕಂಪನಿಗೂ ಸಾಲದ ವ್ಯವಹಾರವಿಲ್ಲ. ಒಂದು ದಿನ ಕಂಪನಿ ಸೆಕ್ರೆಟರಿಯಿಂದ ಏಳೆಂಟು ಪುಟದ ನೇಮಕಾತಿ ಪತ್ರ ಬರುತ್ತದೆ. ಕೊನೆಯ ಪುಟದಲ್ಲಿ 'ಓದಿ ಒಪ್ಪಿದ್ದೇನೆ' ಎಂಬ ಸಾಲಿನ ಕೆಳಗೆ ಸಹಿಗೆ ಜಾಗ ಬಿಟ್ಟಿದೆ. ಬಹಳ ಜನ ಅಭಿನಂದನೆಯ ಮೊದಲ ಪ್ಯಾರಾ ಓದಿ ನೇರವಾಗಿ ಆ ಜಾಗಕ್ಕೇ ಹೋಗುತ್ತಾರೆ.

ಈ ಪತ್ರ ಬರೀ ಸೌಜನ್ಯದ ಕಾಗದವಲ್ಲ. 2013ರ ಕಂಪನಿ ಕಾಯ್ದೆಯ ನಾಲ್ಕನೇ ಅನುಸೂಚಿ ಇದನ್ನು ಕಡ್ಡಾಯ ಮಾಡಿದೆ, ಅದರಲ್ಲಿ ಏನೇನಿರಬೇಕೆಂದೂ ಹೇಳಿದೆ. ಅವಧಿ ಎಷ್ಟು, ಮಂಡಳಿ ಇವರಿಂದ ಏನು ಬಯಸುತ್ತದೆ, ಯಾವ ಸಮಿತಿಗಳಲ್ಲಿ ಕೂರಬೇಕು ಮತ್ತು ಅಲ್ಲಿ ಏನು ಕೆಲಸ, ಕರ್ತವ್ಯಗಳೇನು, ಅವುಗಳ ಜೊತೆಗೆ ಬರುವ ಹೊಣೆ ಏನು, ನಿರ್ದೇಶಕರ ಹೊಣೆಗಾರಿಕೆಗೆ ವಿಮೆ ಇದ್ದರೆ ಅದರ ವಿವರ, ಕಂಪನಿಯ ನೀತಿಸಂಹಿತೆ, ಮಾಡಬಾರದ ಕೆಲಸಗಳ ಪಟ್ಟಿ, ಸಂಭಾವನೆ. ಷರತ್ತುಗಳನ್ನು ಕಂಪನಿಯ ಜಾಲತಾಣದಲ್ಲಿ ಹಾಕಬೇಕು, ನೋಂದಾಯಿತ ಕಚೇರಿಯಲ್ಲಿ ಯಾವ ಷೇರುದಾರ ಬಂದು ಕೇಳಿದರೂ ಕೆಲಸದ ಹೊತ್ತಿನಲ್ಲಿ ತೋರಿಸಬೇಕು. ಒಂದೇ ಷೇರು ಇಟ್ಟುಕೊಂಡವರಿಗೂ ಈ ಹಕ್ಕಿದೆ.

ಇಷ್ಟು ಉದ್ದದ ಪಟ್ಟಿಯಲ್ಲಿ ಒಂದು ವಿಷಯ ಮಾತ್ರ ಬಿಟ್ಟುಹೋಗಿದೆ. ಈ ಹುದ್ದೆಗೆ ವರ್ಷಕ್ಕೆ ಎಷ್ಟು ದಿನ ಬೇಕು ಎಂದು ಬರೆಯಲೇಬೇಕೆಂದು ನಮ್ಮ ಕಾಯ್ದೆ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ 2003ರಲ್ಲಿ ಡೆರೆಕ್ ಹಿಗ್ಸ್ ಎಂಬುವರು ಸರ್ಕಾರಕ್ಕೆ ಕೊಟ್ಟ ವರದಿಯ ಕೊನೆಗೆ ಇಂಥ ಪತ್ರದ ಒಂದು ಮಾದರಿಯನ್ನೇ ಲಗತ್ತಿಸಿದ್ದರು. ಅದರಲ್ಲಿ ತಿಂಗಳಿಗೆ ಎಷ್ಟು ದಿನ ಎಂದು ತುಂಬಲು ಖಾಲಿ ಜಾಗ ಬಿಟ್ಟಿತ್ತು. ನಮ್ಮಲ್ಲಿ ಆ ಅಂಕಿಯನ್ನು ಬರೆಯುವುದು, ಬಿಡುವುದು ಕಂಪನಿಯ ಇಷ್ಟ. ಬರೆದರೂ ಸಾಮಾನ್ಯವಾಗಿ 'ತಮ್ಮ ಕರ್ತವ್ಯಕ್ಕೆ ಅಗತ್ಯವಾದಷ್ಟು ಸಮಯವನ್ನು ಮೀಸಲಿಡತಕ್ಕದ್ದು' ಎಂಬ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಇಡೀ ಪತ್ರದಲ್ಲಿ ಹೆಚ್ಚು ತೊಂದರೆ ಕೊಡುವ ಸಾಲು ಇದೇ. ಅದಕ್ಕೆ ಬರುವ ಮುನ್ನ ಉಳಿದದ್ದನ್ನು ನೋಡೋಣ.

ಅವಧಿಯ ವಿಷಯ ಸುಲಭ ಅನ್ನಿಸುತ್ತದೆ. ಒಂದು ಅವಧಿ ಎಂದರೆ ಹೆಚ್ಚೆಂದರೆ ಸತತ ಐದು ವರ್ಷ. ಎರಡನೇ ಅವಧಿಗೆ ಷೇರುದಾರರ ವಿಶೇಷ ನಿರ್ಣಯ ಬೇಕು. ಎರಡು ಮುಗಿದ ಮೇಲೆ ಮೂರು ವರ್ಷ ಆ ಕಂಪನಿಯಿಂದ ಪೂರ್ತಿ ದೂರವಿರಬೇಕು. ಎಡವುವುದು ದಿನಾಂಕದ ಲೆಕ್ಕದಲ್ಲಿ. ನಮ್ಮ ಪೀಣ್ಯದ ಕಂಪನಿಯ ಮಂಡಳಿ ಮೇ ತಿಂಗಳಲ್ಲಿ ಸಭೆ ಸೇರಿ, 2025ರ ಜೂನ್ 1ರಿಂದ ಇವರನ್ನು ಹೆಚ್ಚುವರಿ ನಿರ್ದೇಶಕಿಯಾಗಿ ನೇಮಿಸಿತು ಎನ್ನೋಣ. ಸೆಬಿಯ ನಿಯಮದಂತೆ ಮುಂದಿನ ಮಹಾಸಭೆ ಅಥವಾ ಮೂರು ತಿಂಗಳು, ಯಾವುದು ಮೊದಲೋ ಅಷ್ಟರೊಳಗೆ ಷೇರುದಾರರ ಒಪ್ಪಿಗೆ ಪಡೆಯಬೇಕು. ಆಗಸ್ಟ್‌ನಲ್ಲಿ ಮಹಾಸಭೆ ನಡೆದು ಒಪ್ಪಿಗೆ ಸಿಕ್ಕಿತು. ಆದರೂ ಐದು ವರ್ಷ ಶುರುವಾಗುವುದು ಆಗಸ್ಟ್‌ನಿಂದಲ್ಲ, ಜೂನ್ 1ರಿಂದ. ಹಾಗಾಗಿ ಪತ್ರದಲ್ಲಿ '2025ರ ಜೂನ್ 1ರಿಂದ 2030ರ ಮೇ 31ರವರೆಗೆ' ಎಂದು ಎರಡೂ ದಿನಾಂಕ ಇರಬೇಕು, ಷೇರುದಾರರು ಒಪ್ಪದಿದ್ದರೆ ನೇಮಕ ಅಲ್ಲಿಗೇ ಮುಗಿಯುತ್ತದೆ ಎಂಬ ಮಾತೂ ಇರಬೇಕು. 'ಮಹಾಸಭೆಯಿಂದ ಐದು ವರ್ಷ' ಎಂದು ಬರೆದ ಪತ್ರವನ್ನು ನಂಬಿ 2030ರ ಜುಲೈನಲ್ಲಿ ಸಭೆಗೆ ಹೋದರೆ, ಅವಧಿ ಮುಗಿದ ನಿರ್ದೇಶಕಿ ಮಂಡಳಿಯಲ್ಲಿ ಕೂತು ಕೈ ಎತ್ತಿದ ಹಾಗಾಗುತ್ತದೆ.

'ಮೊದಲು ಎರಡು ವರ್ಷ ನೋಡೋಣ' ಎಂದು ಕಡಿಮೆ ಅವಧಿ ಕೊಡುವ ಕಂಪನಿಗಳೂ ಇವೆ. ಐದು ವರ್ಷವಾಗಲಿ, ಅದಕ್ಕಿಂತ ಕಡಿಮೆಯಾಗಲಿ, ಒಂದು ನೇಮಕ ಒಂದು ಅವಧಿಯೇ ಎಂದು ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯ 2014ರ ಜೂನ್‌ನ ಸುತ್ತೋಲೆಯಲ್ಲಿ ಹೇಳಿಬಿಟ್ಟಿದೆ. ಎರಡು ವರ್ಷಕ್ಕೆ ಒಪ್ಪಿದವರು ಇರುವ ಎರಡು ಅವಕಾಶಗಳಲ್ಲಿ ಒಂದನ್ನು ಅಗ್ಗಕ್ಕೆ ಕಳೆದುಕೊಂಡಂತೆ. ಅದಕ್ಕಿಂತ ಮುಖ್ಯವಾಗಿ, ಎರಡೇ ವರ್ಷಕ್ಕೆ ಮತ್ತೆ ನೇಮಕದ ಮಾತು ಬರುತ್ತದೆ ಎಂದು ಗೊತ್ತಿರುವವರು ಪ್ರವರ್ತಕರ ಮುಖ ನೋಡದೆ ಮಾತಾಡುವುದು ಕಷ್ಟ. ಐದು ವರ್ಷದ ಅವಧಿ, ಸರದಿಯಂತೆ ನಿವೃತ್ತಿಯಾಗುವ ನಿಯಮದಿಂದ ವಿನಾಯಿತಿ, ಇವೆರಡೂ ಇರುವುದು ಆ ಭಯ ಬೇಡವೆಂದೇ.

ಕರ್ತವ್ಯಗಳ ಭಾಗವನ್ನು ಬಹುತೇಕ ಕಂಪನಿಗಳು ಕಾಯ್ದೆಯ 166ನೇ ಕಲಮಿನಿಂದ ಹಾಗೇ ಇಳಿಸಿಕೊಳ್ಳುತ್ತವೆ. ಸದ್ಭಾವನೆಯಿಂದ ನಡೆಯಬೇಕು, ಎಚ್ಚರ ಮತ್ತು ಕೌಶಲದಿಂದ ಸ್ವಂತ ವಿವೇಚನೆ ಬಳಸಬೇಕು, ಸ್ವಹಿತ ಅಡ್ಡ ಬರಬಾರದು, ಅನುಚಿತ ಲಾಭ ಪಡೆಯಬಾರದು. ಮಾಡಬಾರದ್ದರ ಪಟ್ಟಿಯಲ್ಲಿ ಷೇರು ವ್ಯವಹಾರ ಮುಖ್ಯ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಕಂಪನಿಯ ಷೇರನ್ನು ಅವರೂ ಮುಟ್ಟುವಂತಿಲ್ಲ, ಹತ್ತಿರದ ಸಂಬಂಧಿಕರೂ ಮುಟ್ಟುವಂತಿಲ್ಲ. ಸ್ಟಾಕ್ ಆಪ್ಷನ್ ಅಂತೂ ಸ್ವತಂತ್ರ ನಿರ್ದೇಶಕರಿಗೆ ಇಲ್ಲವೇ ಇಲ್ಲ.

ಹೊಣೆಯ ಮಾತಿಗೆ ಬಂದರೆ 149ನೇ ಕಲಮಿನ 12ನೇ ಉಪಕಲಮು ಸ್ವತಂತ್ರ ನಿರ್ದೇಶಕರಿಗೆ ಒಂದು ರಕ್ಷಣೆ ಕೊಡುತ್ತದೆ. ಮಂಡಳಿಯ ನಡಾವಳಿಯ ಮೂಲಕ ಅವರ ಅರಿವಿಗೆ ಬಂದು, ಅವರ ಒಪ್ಪಿಗೆಯಿಂದಲೋ ಶಾಮೀಲಿನಿಂದಲೋ ನಡೆದ ತಪ್ಪಿಗೆ, ಇಲ್ಲವೇ ಅವರು ಶ್ರದ್ಧೆಯಿಂದ ನಡೆದುಕೊಳ್ಳದ ಕಡೆ ಮಾತ್ರ ಅವರು ಹೊಣೆ. 2020ರ ಮಾರ್ಚ್‌ನಲ್ಲಿ ಸಚಿವಾಲಯವೂ ತನ್ನ ಅಧಿಕಾರಿಗಳಿಗೆ, ಈ ಕಲಮನ್ನು ನೋಡದೆ ಸ್ವತಂತ್ರ ನಿರ್ದೇಶಕರ ಮೇಲೆ ಮೊಕದ್ದಮೆ ಹೂಡಬೇಡಿ ಎಂದು ತಿಳಿಹೇಳಿತು. ಇದನ್ನು ಕೇಳಿ ನೆಮ್ಮದಿಯಾಗುವವರು ಕೊನೆಯ ತುಂಡನ್ನು ಇನ್ನೊಮ್ಮೆ ಓದಬೇಕು. 'ಶ್ರದ್ಧೆಯಿಂದ ನಡೆದುಕೊಳ್ಳದ ಕಡೆ' ಎಂದರೆ ನನಗೆ ಗೊತ್ತಿರಲಿಲ್ಲ ಎಂಬುದೊಂದೇ ಉತ್ತರ ಸಾಲದು. ಗೊತ್ತುಮಾಡಿಕೊಳ್ಳಲು ನೀವೇನು ಮಾಡಿದಿರಿ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ.

ಆ ಪ್ರಶ್ನೆ ನಮ್ಮ ದೇಶದಲ್ಲಿ ಜೋರಾಗಿ ಕೇಳಿಬಂದದ್ದು ಹೈದರಾಬಾದಿನ ಸತ್ಯಂ ಪ್ರಕರಣದಲ್ಲಿ. 2008ರ ಡಿಸೆಂಬರ್ 16ರಂದು ಸತ್ಯಂ ಮಂಡಳಿ, ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದ ನಂಟಿದ್ದ ಎರಡು ಮೇತಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಹೂಡಿಕೆದಾರರು ತಿರುಗಿಬಿದ್ದಾಗ ಕೆಲವೇ ಗಂಟೆಗಳಲ್ಲಿ ಆ ನಿರ್ಧಾರ ಹಿಂದಕ್ಕೆ ಹೋಯಿತು. ಆ ಮಂಡಳಿಯಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಪ್ರಾಧ್ಯಾಪಕರು, ತಂತ್ರಜ್ಞಾನ ಜಗತ್ತಿನ ಹೆಸರಾಂತರು ಸ್ವತಂತ್ರ ನಿರ್ದೇಶಕರಾಗಿದ್ದರು. ಡಿಸೆಂಬರ್ ಮುಗಿಯುವ ಮೊದಲೇ ಅವರಲ್ಲಿ ಹಲವರು ರಾಜೀನಾಮೆ ಕೊಟ್ಟರು. 2009ರ ಜನವರಿ 7ರಂದು ರಾಜು ಲೆಕ್ಕಪತ್ರವೇ ಸುಳ್ಳು ಎಂದು ಪತ್ರ ಬರೆದರು. ಸ್ವತಂತ್ರ ನಿರ್ದೇಶಕರ ಬಗ್ಗೆ ನಿಯಮ ಆಗಲೂ ಇತ್ತು. ಷೇರುಪೇಟೆಯ ಒಪ್ಪಂದದ 49ನೇ ಕಲಮು 2000ದಲ್ಲೇ ಬಂದಿತ್ತು, 2003ರಲ್ಲಿ ಎನ್.ಆರ್. ನಾರಾಯಣಮೂರ್ತಿ ಅಧ್ಯಕ್ಷತೆಯ ಸೆಬಿ ಸಮಿತಿ ಅದನ್ನು ಬಿಗಿಗೊಳಿಸಲು ಸಲಹೆ ಕೊಟ್ಟಿತ್ತು. ಇಂತಿಂಥ ಕೆಲಸಕ್ಕೆ ಇಂತಿಂಥವರು ಎಂದು ಒಬ್ಬೊಬ್ಬರ ಕೈಗೂ ಕಾಗದ ಕೊಡುವುದು ಕಾಯ್ದೆಯ ಮಾತಾದದ್ದು ಮಾತ್ರ 2014ರ ಏಪ್ರಿಲ್ 1ರಿಂದ, ನಾಲ್ಕನೇ ಅನುಸೂಚಿ ಜಾರಿಗೆ ಬಂದಾಗ.

ಸಮಿತಿಗಳ ಪ್ಯಾರಾ ಇದಕ್ಕೇ ಮುಖ್ಯ. ಎಷ್ಟೋ ಪತ್ರಗಳಲ್ಲಿ 'ಮಂಡಳಿಯು ಕಾಲಕಾಲಕ್ಕೆ ನಿರ್ಧರಿಸುವ ಸಮಿತಿಗಳಲ್ಲಿ ತಾವು ಸೇವೆ ಸಲ್ಲಿಸಬೇಕಾಗಬಹುದು' ಎಂದಿರುತ್ತದೆ. ಇದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ನಿವೃತ್ತ ಬ್ಯಾಂಕರ್ ಅವರಿಗೆ ಬರಬೇಕಾದ ಸಾಲು ಹೀಗಿರಬೇಕು: 'ತಾವು ಲೆಕ್ಕಪರಿಶೋಧನಾ ಸಮಿತಿಯ ಸದಸ್ಯರಾಗಿಯೂ, ನಾಮನಿರ್ದೇಶನ ಮತ್ತು ಸಂಭಾವನಾ ಸಮಿತಿಯ ಸದಸ್ಯರಾಗಿಯೂ ಇರುತ್ತೀರಿ. ಹಾಲಿ ಅಧ್ಯಕ್ಷರ ಅವಧಿ ಮುಗಿಯುವ 2027ರ ನಂತರ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷತೆಯನ್ನು ತಾವು ವಹಿಸಿಕೊಳ್ಳಬೇಕೆಂಬುದು ಮಂಡಳಿಯ ನಿರೀಕ್ಷೆ.' ಎರಡನೇ ವಾಕ್ಯ ಇದ್ದರೆ ಅವರು ಮೊದಲ ದಿನದಿಂದಲೇ ತಯಾರಾಗುತ್ತಾರೆ. ಇಲ್ಲದಿದ್ದರೆ ಎರಡು ವರ್ಷದ ಮೇಲೆ ಒಂದು ಸಂಜೆ ಫೋನ್ ಬರುತ್ತದೆ.

ಲೆಕ್ಕಪರಿಶೋಧನಾ ಸಮಿತಿಯ ಕೆಲಸ ಎಲ್ಲಕ್ಕಿಂತ ಭಾರ. ನೋಂದಾಯಿತ ಕಂಪನಿಯಲ್ಲಿ ಇದರ ಮೂರನೇ ಎರಡು ಭಾಗ ಸ್ವತಂತ್ರ ನಿರ್ದೇಶಕರೇ ಇರಬೇಕು, ಅಧ್ಯಕ್ಷರೂ ಅವರಲ್ಲೊಬ್ಬರೇ. ಪ್ರವರ್ತಕರ ಇನ್ನೊಂದು ಕಂಪನಿಗೆ ಮಾಲು ಮಾರುವುದು, ಅವರ ಜಾಗವನ್ನು ಬಾಡಿಗೆಗೆ ಪಡೆಯುವುದು, ಇಂಥ ಸಂಬಂಧಿತರ ನಡುವಿನ ವ್ಯವಹಾರ ಬಂದಾಗ ಸಮಿತಿಯಲ್ಲಿರುವ ಸ್ವತಂತ್ರ ನಿರ್ದೇಶಕರಷ್ಟೇ ಒಪ್ಪಿಗೆ ಕೊಡಬಹುದು. ಮೇತಾಸ್‌ನಂಥ ಪ್ರಸ್ತಾಪ ಇಂದು ಬಂದರೆ ಮೊದಲು ಇವರ ಮೇಜಿಗೇ ಬರುತ್ತದೆ.

ಈಗ ಸಮಯದ ಲೆಕ್ಕ. ವರ್ಷಕ್ಕೆ ಕನಿಷ್ಠ ನಾಲ್ಕು ಮಂಡಳಿ ಸಭೆ, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಹೆಚ್ಚಿನ ಅಂತರ ಇರಬಾರದು ಎನ್ನುತ್ತದೆ ಕಾಯ್ದೆ. 'ನಾಲ್ಕೇ ಸಭೆ ಮೇಡಂ' ಎಂದು ಪ್ರವರ್ತಕರು ಹೇಳುವುದು ಇದನ್ನೇ. ನಮ್ಮ ಕಂಪನಿಯಲ್ಲಿ ತ್ರೈಮಾಸಿಕ ಫಲಿತಾಂಶದ ನಾಲ್ಕು ಸಭೆಗಳ ಜೊತೆಗೆ ಬಜೆಟ್ಟಿಗೆ ಒಂದು ಇದೆ. ಲೆಕ್ಕಪರಿಶೋಧನಾ ಸಮಿತಿಯದೂ ಐದು, ಸಂಭಾವನಾ ಸಮಿತಿಯದು ಎರಡು. ಇದರ ಮೇಲೆ ಆಡಳಿತದವರು ಯಾರೂ ಇಲ್ಲದೆ ಸ್ವತಂತ್ರ ನಿರ್ದೇಶಕರು ಮಾತ್ರ ವರ್ಷಕ್ಕೊಮ್ಮೆಯಾದರೂ ಸೇರಬೇಕಾದ ಸಭೆ, ಮತ್ತೆ ವಾರ್ಷಿಕ ಮಹಾಸಭೆ. ಕುರ್ಚಿಯಲ್ಲಿ ಕೂತ ಗಂಟೆಗಳನ್ನಷ್ಟೇ ಕೂಡಿದರೆ 48 ಗಂಟೆ, ಅಂದರೆ ಆರು ದಿನ.

ಒಂದು ತ್ರೈಮಾಸಿಕವನ್ನು ಬಿಡಿಸಿ ನೋಡಿ. ಸಭೆಗೆ ಏಳು ದಿನ ಮುಂಚೆ ಕಾರ್ಯಸೂಚಿಯ ಕಡತ ಟ್ಯಾಬ್ಲೆಟ್ಟಿಗೆ ಬರುತ್ತದೆ. ಅದು ಮುನ್ನೂರು, ನಾನ್ನೂರು ಪುಟ ಇರುವುದು ಅಪರೂಪವಲ್ಲ. ಲೆಕ್ಕಪತ್ರದ ಟಿಪ್ಪಣಿ, ಆಂತರಿಕ ಲೆಕ್ಕಪರಿಶೋಧಕರ ವರದಿ, ಬಾಕಿ ವಸೂಲಿಯ ಪಟ್ಟಿ, ಸಂಬಂಧಿತರ ವ್ಯವಹಾರಗಳ ಪಟ್ಟಿ, ಕಾನೂನು ತಗಾದೆಗಳು. ಬ್ಯಾಂಕಿನಲ್ಲಿ ಸಾಲದ ಕಡತ ಓದಿ ಪಳಗಿದವರಿಗೂ ಇದನ್ನು ಅರ್ಥಮಾಡಿಕೊಂಡು ಓದಲು ಒಂಬತ್ತು ಗಂಟೆ ಬೇಕು ಎನ್ನೋಣ. ಸಭೆಗೆ ಮುಂಚೆ ಲೆಕ್ಕಪರಿಶೋಧಕರ ಜೊತೆ ಒಂದು ಗಂಟೆ ಮಾತು. ಸಮಿತಿ ಸಭೆ ಮೂರು ಗಂಟೆ, ಮಂಡಳಿ ಸಭೆ ನಾಲ್ಕು ಗಂಟೆ. ಒಟ್ಟು ಹದಿನೇಳು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯಲ್ಲಿ ಕೂತು ಓದಿದ್ದು. ನಾಲ್ಕು ಸಲಕ್ಕೆ 68 ಗಂಟೆ, ಎಂಟು ಗಂಟೆಯ ಲೆಕ್ಕದಲ್ಲಿ ಎಂಟೂವರೆ ದಿನ. ಬಜೆಟ್ ಸಭೆ, ಉಳಿದ ಸಮಿತಿ ಸಭೆಗಳು, ಮಹಾಸಭೆ, ಕಾರ್ಖಾನೆಗೆ ಒಂದು ಭೇಟಿ, ಎಲ್ಲ ಸೇರಿ ಐದೂವರೆ ದಿನ. ನಡುನಡುವೆ ಬರುವ ಸುತ್ತೋಲೆ ನಿರ್ಣಯಗಳು, ಫೋನು, ಮಿಂಚಂಚೆಗೆ ವರ್ಷದಲ್ಲಿ ಎರಡು ದಿನ. ಮೊದಲ ವರ್ಷ ಕಂಪನಿಯನ್ನು ಪರಿಚಯ ಮಾಡಿಕೊಡುವ ಕಾರ್ಯಕ್ರಮಕ್ಕೆ ಇನ್ನೆರಡು ದಿನ. ಹದಿನೆಂಟು ದಿನವಾಯಿತು. ಕಂಪನಿ ಇನ್ನೊಂದು ಕಂಪನಿಯನ್ನು ಕೊಳ್ಳಲು ಹೊರಟರೆ, ಅಥವಾ ಅನಾಮಧೇಯ ದೂರಿನ ತನಿಖೆ ಶುರುವಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಆರು ದಿನ ಎಂದು ನಂಬಿ ಬಂದವರು ಹದಿನೆಂಟು ದಿನದ ಕೆಲಸವನ್ನು ಆರು ದಿನದಲ್ಲೇ ಮುಗಿಸುತ್ತಾರೆ. ಹೇಗೆ ಎಂದರೆ ಓದುವುದನ್ನು ಬಿಡುತ್ತಾರೆ. ಸಭೆಗೆ ಬರುವ ಕಾರಿನಲ್ಲಿ ಕಡತದ ಮೊದಲ ಇಪ್ಪತ್ತು ಪುಟ ನೋಡಿ, ಚರ್ಚೆಯಲ್ಲಿ ಎರಡು ಸಾಮಾನ್ಯ ಪ್ರಶ್ನೆ ಕೇಳುತ್ತಾರೆ. ಸಂಭಾವನೆಯ ರೀತಿಯೂ ಇದಕ್ಕೆ ಇಂಬು ಕೊಡುತ್ತದೆ. ಸಿಟ್ಟಿಂಗ್ ಫೀ ಎಂಬುದು ಒಂದು ಸಭೆಗೆ ಗರಿಷ್ಠ ಒಂದು ಲಕ್ಷ ರೂಪಾಯಿ. ನಮ್ಮ ಕಂಪನಿ 50 ಸಾವಿರ ಕೊಟ್ಟರೆ ಹನ್ನೆರಡು ಸಭೆಗೆ ಆರು ಲಕ್ಷ. ಕೂತಿದ್ದಕ್ಕೆ ದುಡ್ಡಿದೆ, ಓದಿದ್ದಕ್ಕೆ ಇಲ್ಲ. ನಾಳೆ ಏನಾದರೂ ಎಡವಟ್ಟಾದಾಗ ಕೇಳುವುದು ಮಾತ್ರ ಓದಿದಿರೋ ಇಲ್ಲವೋ ಎಂದೇ. ಲಾಭದಲ್ಲಿ ಕಮಿಷನ್ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ಕೊಡುವುದಾದರೆ ಅದನ್ನು ಯಾವ ಲೆಕ್ಕದಲ್ಲಿ ಎಂದು ಪತ್ರದಲ್ಲೇ ಹೇಳಿಬಿಡುವುದು ಒಳ್ಳೆಯದು.

ದಿನಗಳ ಮೊತ್ತಕ್ಕಿಂತ ಅವು ಬರುವ ಹೊತ್ತು ಇನ್ನೂ ಕಷ್ಟ. ಒಬ್ಬರು ಏಳು ನೋಂದಾಯಿತ ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕರಾಗಬಹುದು ಎನ್ನುತ್ತದೆ ಸೆಬಿ. ವರ್ಷಕ್ಕೆ 126 ದಿನ ತಾನೇ, ನಿವೃತ್ತರಿಗೇನು ಕಷ್ಟ ಅನ್ನಿಸಬಹುದು. ಆದರೆ ತ್ರೈಮಾಸಿಕ ಫಲಿತಾಂಶವನ್ನು 45 ದಿನದೊಳಗೆ, ವರ್ಷದ ಫಲಿತಾಂಶವನ್ನು 60 ದಿನದೊಳಗೆ ಪ್ರಕಟಿಸಬೇಕೆಂಬ ನಿಯಮ ಎಲ್ಲ ಕಂಪನಿಗೂ ಒಂದೇ. ಡಿಸೆಂಬರ್ ತ್ರೈಮಾಸಿಕದ ಲೆಕ್ಕ ಸಿದ್ಧವಾಗಲು ಜನವರಿಯ ಮೊದಲ ಎರಡು ವಾರ ಹೋಗುತ್ತದೆ. ಉಳಿದ ಒಂದು ತಿಂಗಳಲ್ಲಿ, ಫೆಬ್ರವರಿ 14ರೊಳಗೆ, ಏಳೂ ಕಂಪನಿಗಳ ಸಭೆ ಬೀಳುತ್ತವೆ. ತಲಾ ಹದಿನೇಳು ಗಂಟೆಯಂತೆ 119 ಗಂಟೆ, ಹೆಚ್ಚುಕಡಿಮೆ ಹದಿನೈದು ಪೂರ್ತಿ ದಿನ, ಬರೀ ಇದಕ್ಕೆ. ಅದರಲ್ಲೂ ಎರಡು ಸಭೆ ಒಂದೇ ದಿನ ಬಿದ್ದರೆ ಒಂದಕ್ಕೆ ವಿಡಿಯೊದಲ್ಲಿ ಮುಖ ತೋರಿಸಿ ಬರುವುದಾಗುತ್ತದೆ.

ಹಾಗಾದರೆ ಸಮಯದ ಸಾಲು ಹೇಗಿರಬೇಕು? 'ಸಭೆಗಳ ತಯಾರಿ ಮತ್ತು ಓದು ಸೇರಿ ಮೊದಲ ವರ್ಷ ಸುಮಾರು 18 ದಿನ, ನಂತರ ವರ್ಷಕ್ಕೆ ಸುಮಾರು 16 ದಿನ ಬೇಕಾಗುತ್ತದೆ. ಕಂಪನಿ ಸ್ವಾಧೀನ, ತನಿಖೆ ಮುಂತಾದ ಸಂದರ್ಭಗಳಲ್ಲಿ ಇದು ಗಣನೀಯವಾಗಿ ಹೆಚ್ಚಬಹುದು. ಮುಂದಿನ ವರ್ಷದ ಸಭೆಗಳ ದಿನಾಂಕ ಲಗತ್ತಿಸಿದೆ. ಬೇರೆ ಕಂಪನಿಯ ನಿರ್ದೇಶಕತ್ವ ಒಪ್ಪಿಕೊಳ್ಳುವ ಮೊದಲು ಅಧ್ಯಕ್ಷರಿಗೆ ತಿಳಿಸಿ.' ನಾಲ್ಕು ವಾಕ್ಯಕ್ಕಿಂತ ಹೆಚ್ಚು ಬೇಕಿಲ್ಲ. ಇದು ಎರಡೂ ಕಡೆಗೆ ಕಟ್ಟುಪಾಡು. ದಿನ ಕೊಡುತ್ತೇನೆಂದು ಅವರು ಒಪ್ಪಿದಂತಾಗುತ್ತದೆ, ಕಡತವನ್ನು ಹಿಂದಿನ ರಾತ್ರಿ ಕಳಿಸಿ ಬೆಳಿಗ್ಗೆ ಸಹಿ ಕೇಳುವ ಕಂಪನಿಗೆ ಇದೇ ಪತ್ರ ತೋರಿಸಿ ಆಗುವುದಿಲ್ಲ ಎನ್ನಲೂ ಬರುತ್ತದೆ. ಹನ್ನೆರಡು ತಿಂಗಳು ಒಂದು ಮಂಡಳಿ ಸಭೆಗೂ ಬರದಿದ್ದರೆ, ರಜೆ ಪಡೆದಿದ್ದರೂ ಸರಿ, ಸ್ಥಾನ ತಾನಾಗಿ ಹೋಗುತ್ತದೆ ಎಂಬುದನ್ನೂ ಅಲ್ಲೇ ಸೇರಿಸಬಹುದು.

ಸಹಿ ಹಾಕುವವರು ವಿಮೆಯ ಪ್ಯಾರಾದಲ್ಲೂ ಸ್ವಲ್ಪ ನಿಲ್ಲಬೇಕು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪನಿಗಳು ಸ್ವತಂತ್ರ ನಿರ್ದೇಶಕರಿಗೆ ಈ ವಿಮೆ ಮಾಡಿಸಲೇಬೇಕು. ಉಳಿದವು 'ಇದ್ದರೆ' ತಿಳಿಸಿದರೆ ಸಾಕು. ಈ ವಿಮೆ ಸಾಮಾನ್ಯವಾಗಿ ತಪ್ಪು ನಡೆದ ವರ್ಷವನ್ನಲ್ಲ, ದಾವೆ ಬಂದ ವರ್ಷವನ್ನು ನೋಡಿ ಪರಿಹಾರ ಕೊಡುತ್ತದೆ. 2030ರಲ್ಲಿ ಬಿಟ್ಟುಹೋದವರ ಮೇಲೆ 2033ರಲ್ಲಿ ನೋಟಿಸು ಬಂದಾಗ ಕಂಪನಿ ವಿಮೆ ನಿಲ್ಲಿಸಿದ್ದರೆ ವಕೀಲರ ಖರ್ಚು ಸ್ವಂತದ್ದು. ಹೋದ ಮೇಲೂ ಇಷ್ಟು ವರ್ಷ ರಕ್ಷಣೆ ಮುಂದುವರಿಸುತ್ತೇವೆ ಎಂಬ ಮಾತನ್ನು ಪತ್ರದಲ್ಲಿ ಬರೆಸಿಕೊಳ್ಳಬೇಕು. ಕೇಳಲು ಸಂಕೋಚಪಡುವ ವಿಷಯ ಇದಲ್ಲ.

ಬಿಟ್ಟುಹೋಗುವ ದಾರಿ ಸರಳ, ಆದರೆ ಸದ್ದಿಲ್ಲದೆ ಹೋಗುವಂತಿಲ್ಲ. ನೋಂದಾಯಿತ ಕಂಪನಿಯ ಸ್ವತಂತ್ರ ನಿರ್ದೇಶಕರು ರಾಜೀನಾಮೆ ಕೊಟ್ಟರೆ ಅದರ ವಿವರವಾದ ಕಾರಣವನ್ನು ಕಂಪನಿ ಏಳು ದಿನದೊಳಗೆ ಷೇರುಪೇಟೆಗೆ ತಿಳಿಸಬೇಕು, ಬೇರೆ ಮುಖ್ಯ ಕಾರಣ ಯಾವುದೂ ಇಲ್ಲ ಎಂದು ಹೋಗುವವರೇ ದೃಢಪಡಿಸಬೇಕು. ಅವಧಿಯ ನಡುವೆ 'ವೈಯಕ್ತಿಕ ಕಾರಣ' ಎಂದು ಬಿಟ್ಟವರು ಮರು ತಿಂಗಳು ಇನ್ನೊಂದು ಮಂಡಳಿ ಸೇರಿದರೆ, ಷೇರುದಾರರು ಹುಬ್ಬೇರಿಸುವುದು ಸಹಜ.

ನಿಮ್ಮ ಹೆಸರಲ್ಲಿ ಯಾವುದಾದರೂ ನೋಂದಾಯಿತ ಕಂಪನಿಯ ಷೇರಿದ್ದರೆ ಅದರ ಜಾಲತಾಣದ ಹೂಡಿಕೆದಾರರ ವಿಭಾಗಕ್ಕೆ ಹೋಗಿ, ಸ್ವತಂತ್ರ ನಿರ್ದೇಶಕರ ನೇಮಕದ ಷರತ್ತುಗಳನ್ನು ಹುಡುಕಿ ತೆಗೆಯಿರಿ. ಸಮಿತಿಗಳ ಹೆಸರಿದೆಯೇ, ದಿನಗಳ ಅಂಕಿ ಇದೆಯೇ ನೋಡಿ. ಪಕ್ಕದಲ್ಲಿ ವಾರ್ಷಿಕ ವರದಿಯ ಹಾಜರಾತಿ ಪಟ್ಟಿಯನ್ನೂ, ಅದೇ ವ್ಯಕ್ತಿ ಇನ್ನೆಷ್ಟು ಕಂಪನಿಗಳಲ್ಲಿದ್ದಾರೆ ಎಂಬ ವಿವರವನ್ನೂ ಇಟ್ಟುಕೊಳ್ಳಿ. ಮರುನೇಮಕದ ವಿಶೇಷ ನಿರ್ಣಯ ಇ-ಮತದಾನಕ್ಕೆ ಬಂದಾಗ ಅದು ಗೆಲ್ಲಲು, ಬಿದ್ದ ಮತಗಳಲ್ಲಿ ಪರವಾದವು ವಿರೋಧದ್ದರ ಮೂರು ಪಟ್ಟಾದರೂ ಇರಬೇಕು. ನಿಮ್ಮ ಮತ ಒತ್ತುವ ಮುನ್ನ ಈ ಮೂರು ಕಾಗದ ಓದಲು ಅರ್ಧ ಗಂಟೆ ಸಾಕು.